ಇಲ್ಲದ ಕೊಂಬು

1515ರಲ್ಲಿ ಡ್ಯೂರರ್ ತಾನು ಕಾಣದ ಘೇಂಡಾಮೃಗವನ್ನು ಮರದಚ್ಚಿಗೆ ಬರೆದ. ಅದರಲ್ಲಿ ಕೆತ್ತದೆ ಉಳಿದ ಭಾಗ ಮಸಿ ಹಿಡಿಯುತ್ತದೆ. ಅಕ್ಷರದ ಮೊಳೆಗಳ ಜೊತೆಗೇ ಅಚ್ಚಾಗುತ್ತದೆ. ಬೆನ್ನ ಮೇಲೆ ಇಲ್ಲದ ಕೊಂಬೂ ಹಾಗೆಯೇ ಹರಡಿತು.

ಗೋಯಾ ಯುದ್ಧದ ಕ್ರೌರ್ಯವನ್ನು ಎಚ್ಚಿಂಗ್ ಮಾಡಿದ. ತಾಮ್ರದಲ್ಲಿ ಆಮ್ಲ ಕೊರೆದ ಗೀರಿನೊಳಗೆ ಮಸಿ ಕೂರುತ್ತದೆ. ಒತ್ತಿದಂತೆಲ್ಲ ಗೀರು ಸವೆಯುತ್ತದೆ. ಆ ಸರಣಿ ಹೊರಬಂದದ್ದು ಅವನು ಸತ್ತು 35 ವರ್ಷಕ್ಕೆ.

ಕಲ್ಲಚ್ಚಿಗೆ ಕೊರೆತ ಬೇಡ. ಜಿಡ್ಡಿನ ಬಳಪದಿಂದ ಬರೆದರಾಯಿತು. ಒದ್ದೆ ಕಲ್ಲು ಮಸಿ ದೂಡುತ್ತದೆ, ಜಿಡ್ಡು ಹಿಡಿಯುತ್ತದೆ. 1834ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನ ಮನೆಯೊಂದರಲ್ಲಿ ಸೈನಿಕರು ಮಾಡಿದ ಕೊಲೆಗಳನ್ನು ಡೋಮಿಯೇ ಅದೇ ವರ್ಷ ಹೀಗೆ ಜನರ ಮುಂದಿಟ್ಟ. ಪೊಲೀಸರು ಕಲ್ಲನ್ನೇ ವಶಪಡಿಸಿಕೊಂಡರು.

ಡ್ಯೂರರನನ್ನು ನಾನು ದೂರಲಾರೆ. ಅವನಿಗೆ ಸಿಕ್ಕಿದ್ದು ಅಷ್ಟೇ ಸುದ್ದಿ. ಆದರೆ ಹಂಚುವುದು ಸುಲಭವಾದಷ್ಟೂ, ಕಂಡವರನ್ನು ಮೊದಲು ಕೇಳುವ ಹೊಣೆ ಹೆಚ್ಚುತ್ತದೆ ಎನಿಸುತ್ತದೆ.