ದಿಗಿಲೂ ದಿಗುಲೂ

ಆಂಧ್ರದ ರಾಯದುರ್ಗ, ಮಡಕಶಿರಾ ಕಡೆ ಎಷ್ಟೋ ಮನೆಗಳಲ್ಲಿ ಆಡುವುದು ಕನ್ನಡ, ಸರ್ಕಾರದ ಕಾಗದ ಬರುವುದು ತೆಲುಗಿನಲ್ಲಿ. ಮನಸ್ಸಿನ ಆರೋಗ್ಯ ವಿಚಾರಿಸುವ ಕಾಗದವೂ ಹಾಗೇ ಬಂದರೆ, ಕೇಳುವವರು ತೆಲುಗಿನಲ್ಲಿ ಓದಿಕೊಂಡು ಬಾಯಲ್ಲೇ ಕನ್ನಡ ಮಾಡಬೇಕಾಗುತ್ತದೆ. ತೊಡಕು ಶುರುವಾಗುವುದು ಅಲ್ಲೇ.

ತೆಲುಗಿನ ‘ದಿಗುಲು’ ಎಂದರೆ ಮುಖ್ಯವಾಗಿ ಕೊರಗು, ಚಿಂತೆ. ಕನ್ನಡದ ‘ದಿಗಿಲು’ ಎಂದರೆ ಹೆದರಿಕೆ. ಮನಸ್ಸು ಕುಗ್ಗಿದೆಯೇ ಎಂಬ ಪ್ರಶ್ನೆಯಲ್ಲಿ ಈ ಪದ ಹಾಗೇ ದಾಟಿದರೆ, ಖಿನ್ನತೆಯ ಪ್ರಶ್ನೆ ಆತಂಕದ ಪ್ರಶ್ನೆಯಾಗಿಬಿಡುತ್ತದೆ. ಎರಡೂ ಭಾಷೆ ಬಲ್ಲವರಿಗೇ ಇದು ಕಾಣದೆ ಹೋಗಬಹುದು, ಏಕೆಂದರೆ ಕಿವಿಗೆ ಎರಡೂ ಹೆಚ್ಚುಕಡಿಮೆ ಒಂದೇ.

2001ರಲ್ಲಿ ಪ್ರಕಟವಾದ ಪಿಎಚ್‌ಕ್ಯೂ-9 ಎಂಬ ಖಿನ್ನತೆಯ ಪ್ರಶ್ನಾವಳಿ ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ ಕೇಳುತ್ತದೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಒಟ್ಟು 10 ಮುಟ್ಟಿದರೆ ಸಾಮಾನ್ಯವಾಗಿ ವೈದ್ಯರು ಮುಂದಿನ ವಿಚಾರಣೆ ಮಾಡುತ್ತಾರೆ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಒಬ್ಬ ಹೆಂಗಸಿಗೆ ಇದನ್ನು ಕೇಳಿದೆವು ಎಂದುಕೊಳ್ಳಿ. ಎರಡನೇ ಪ್ರಶ್ನೆಯಲ್ಲಿ ‘ಖಿನ್ನತೆ’ ಎಂದರೆ ಅವಳಿಗೆ ಕಾಯಿಲೆಯ ಹೆಸರು ಕೇಳಿಸುತ್ತದೆ. ‘ನನಗೇನು ಹುಚ್ಚೇನ್ರೀ’ ಎಂದು ಸೊನ್ನೆ ಹಾಕಿಸುತ್ತಾಳೆ. ಅಂಜಿಕೆ ಕಳೆಯಲು ‘ಬೇಸರ’ ಎಂದರೆ, ದಿನವಿಡೀ ಮಿಷಿನ್ ಮುಂದೆ ಕೂತವಳಿಗೆ ಬೇಸರ ಇಲ್ಲದ ದಿನ ಯಾವುದು? ಎರಡು ಅಂಕ ಸುಮ್ಮನೆ ಸೇರಿ, 8 ಇದ್ದದ್ದು 10 ಆಗುತ್ತದೆ. ‘ಮನಸ್ಸು ಕುಗ್ಗಿದಂಗೆ, ಮುಂದೆ ದಾರಿನೇ ಇಲ್ಲ ಅನ್ನಂಗೆ ಎಷ್ಟು ದಿನ ಆಗಿತ್ತು?’ ಎಂದರೆ ಕಾಯಿಲೆಯ ಹೆಸರೂ ಬರುವುದಿಲ್ಲ, ಅಳತೆಯೂ ಕೆಡುವುದಿಲ್ಲ.

ಹಾಗೆಂದು ಎಲ್ಲವನ್ನೂ ಮೆತ್ತಗೆ ಮಾಡಬಾರದು; ನನ್ನ ತಕರಾರು ಇರುವುದು ಇಲ್ಲೇ. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದು. ಅದನ್ನು ‘ಜೀವನ ಸಾಕಾಯ್ತು ಅನ್ನಿಸಿತ್ತಾ’ ಎಂದು ಸವರಿದರೆ, ‘ದೇವರು ಕರ್ಕೊಂಡ್ರೆ ಸಾಕು’ ಎಂದು ವಾಡಿಕೆಯಲ್ಲಿ ಅನ್ನುವ ಅಜ್ಜಿಯೂ ಹೌದೆನ್ನುತ್ತಾಳೆ, ನಿಜವಾಗಿ ಅಪಾಯದಲ್ಲಿರುವವಳು ಆ ಗುಂಪಿನಲ್ಲಿ ಮರೆಯಾಗುತ್ತಾಳೆ. ಸತ್ತುಹೋದರೆ ಒಳ್ಳೆಯದು ಎಂದಾಗಲೀ, ತನಗೆ ತಾನೇ ಏನಾದರೂ ಮಾಡಿಕೊಳ್ಳಬೇಕು ಎಂದಾಗಲೀ ಅನ್ನಿಸಿತ್ತೇ ಎಂದು ನೇರವಾಗಿ, ಅತ್ತೆಯೋ ಗಂಡನೋ ಕೇಳಿಸಿಕೊಳ್ಳದ ಕಡೆ ಕೂತು ಕೇಳಬೇಕು. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಇಲ್ಲಿ ಸೊನ್ನೆ ಬಿಟ್ಟು ಬೇರೆ ಯಾವ ಅಂಕ ಬಂದರೂ, ಒಟ್ಟು ಎಷ್ಟೇ ಇರಲಿ, ಅವತ್ತೇ ಮುಂದೆ ವಿಚಾರಿಸಬೇಕು.

ಅನುವಾದವನ್ನು ತಿರುಗಿ ಇಂಗ್ಲಿಷಿಗೆ ತಂದು ಹೋಲಿಸುವ ಪದ್ಧತಿ ಇದೆ. ‘ಖಿನ್ನತೆ’ ಆ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ, ಏಕೆಂದರೆ ತಿರುಗಿಸುವವರು ಓದಿದವರು. ಉತ್ತರ ಕೊಟ್ಟವಳನ್ನೇ ‘ನಾನು ಕೇಳಿದ್ದು ಏನು ಅಂತ ನಿಮ್ಮ ಮಾತಲ್ಲೇ ಹೇಳ್ರಿ’ ಎಂದು ಕೇಳಿದರೆ ಮಾತ್ರ ತಪ್ಪು ಗೊತ್ತಾಗುತ್ತದೆ. ಹಾಗೆ ಕೇಳಿ, ತಿದ್ದಿ, ಅಚ್ಚು ಹಾಕಿಸಿದ ಕನ್ನಡ ಹಾಳೆಯನ್ನು ಈ ಎರಡೂ ಕಡೆಯ ಆರೋಗ್ಯ ಕಾರ್ಯಕರ್ತೆಯರ ಕೈಗೆ ಕೊಡಬೇಕು.