ಅಳೆಯುವವನ ದೋಷವೋ, ಅಲೆಯ ಗುಣವೋ?

ಕೊಕ್ಕರೆ ಬೆಳ್ಳೂರಿನ ಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳು ಕೊಕ್ಕನ್ನು ಕಟಕಟಿಸುತ್ತವೆ. ಆ ಸದ್ದು ಯಾವ ಕ್ಷಣದಲ್ಲಾಯಿತೆಂದು ಹೇಳಬಹುದು. ಅದರ ಶ್ರುತಿ ಯಾವುದೆಂದು ಹೇಳಲಾಗದು. ದೂರ ನಿಂತು ಕೇಳಿದ ನಾವು ಹಕ್ಕಿಯನ್ನಾಗಲಿ ಸದ್ದನ್ನಾಗಲಿ ಕದಡಲಿಲ್ಲ. ಹಾಗಾದರೆ ಈ ಅನಿಶ್ಚಿತತೆ ಎಲ್ಲಿಂದ ಬಂದಿತು?

ಸೆಕೆಂಡಿಗೆ 200 ಮತ್ತು 202 ಕಂಪನಗಳುಳ್ಳ ಎರಡು ಸ್ವರಗಳನ್ನು ಭಾವಿಸೋಣ. ಅರ್ಧ ಸೆಕೆಂಡಿನಲ್ಲಿ ಅವು 100 ಮತ್ತು 101 ಕಂಪನಗಳನ್ನು ಪೂರೈಸುತ್ತವೆ, ಭೇದ ತಿಳಿಯುತ್ತದೆ. ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಲ್ಲಿಯಾದರೋ 10 ಮತ್ತು 10.1 ಮಾತ್ರ, ಭೇದವು ಪ್ರಕಟವಾಗುವ ಮುನ್ನವೇ ಸ್ವರ ಮುಗಿದಿರುತ್ತದೆ. ಕ್ಷಣಿಕವಾದ ಸದ್ದು ಸ್ವತಃ ಅನೇಕ ಶ್ರುತಿಗಳ ಮಿಶ್ರಣ. ಅದಕ್ಕೆ ಒಂದೇ ಶ್ರುತಿ ಇಲ್ಲ.

ಎಲೆಕ್ಟ್ರಾನನ್ನು ನೋಡಲು ಬಳಸುವ ಬೆಳಕೇ ಅದನ್ನು ತಳ್ಳುತ್ತದೆಂದು 1927ರಲ್ಲಿ ಹೈಸನ್‌ಬರ್ಗ್ ವಿವರಿಸಿದರು. ಅದೇ ವರ್ಷ ಕೆನ್ನಾರ್ಡ್ ಸಾಧಿಸಿದ Δx·Δp ≥ ħ/2 ಎಂಬ ಸೂತ್ರದಲ್ಲಿ ಅಳೆಯುವವನ ಪ್ರಸ್ತಾಪವೇ ಇಲ್ಲ. ಎಲೆಕ್ಟ್ರಾನಿನ ಸಂವೇಗವನ್ನು ಅದರ ತರಂಗದ ಉದ್ದವು ನಿರ್ಧರಿಸುತ್ತದೆ. ಇಕ್ಕಟ್ಟಾದ ಸ್ಥಳದಲ್ಲಿರುವ ತರಂಗವು ಅನೇಕ ಉದ್ದಗಳ ಮಿಶ್ರಣವಾದ್ದರಿಂದ ಸಂವೇಗವೂ ಹರಡಿಕೊಳ್ಳುತ್ತದೆ. ಅಳತೆಯ ಕದಡುವಿಕೆಯೂ ನಿಜವೇ. ಆದರೆ ಅದು ಬೇರೆ ವಿಷಯ.

ಈ ತತ್ತ್ವವನ್ನು ಸ್ಯಾದ್ವಾದಕ್ಕೆ ಸಾಕ್ಷಿಯೆಂದು ನಮ್ಮಲ್ಲಿ ಹಲವರು ಹೇಳುವುದುಂಟು. ಸ್ಯಾದ್ವಾದದಲ್ಲಿ ವಸ್ತುವು ಅನಂತಧರ್ಮಾತ್ಮಕ. ಮಿತಿಯಿರುವುದು ನಮ್ಮ ಮಾತಿಗೆ. ಇಲ್ಲಿಯಾದರೋ, ಪ್ರಚಲಿತ ಗ್ರಹಿಕೆಯಂತೆ, ಎರಡು ನಿಖರ ಬೆಲೆಗಳು ಒಟ್ಟಿಗೆ ಇರುವುದೇ ಇಲ್ಲ. ಹೋಲಿಕೆ ಹಿತವಾಗಿದೆಯೆಂದು ಅದನ್ನು ಪ್ರಮಾಣವೆಂದು ಸಾರುವುದು ಸತ್ಯವ್ರತಕ್ಕೆ ಒಪ್ಪುವುದಿಲ್ಲ.