ಮೂರು ವರ್ಷ ಎಂದರೆ ಎಷ್ಟು ತಿಂಗಳು?

‘ಕನಿಷ್ಠ 3 ವರ್ಷ ಬೋಧನಾನುಭವ ಅಗತ್ಯ’ ಎಂದು ಜಾಹೀರಾತು ಹೇಳುತ್ತದೆ. ಎರಡೂಕಾಲು ವರ್ಷ ಪಾಠ ಮಾಡಿದವಳು ಅರ್ಜಿ ಹಾಕಬಹುದೇ? ಧೈರ್ಯ ಇದ್ದರೆ ಹಾಕಬಹುದು ಎನ್ನುವವರೇ ಹೆಚ್ಚು. ಆದರೆ ಇದು ಧೈರ್ಯಕ್ಕಿಂತ ಮೊದಲು ಲೆಕ್ಕದ ಪ್ರಶ್ನೆ, ಲೆಕ್ಕ ಮುಗಿದ ಮೇಲೆ ನ್ಯಾಯದ ಪ್ರಶ್ನೆ ಎಂದು ನನಗನಿಸುತ್ತದೆ.

ವಾಮದಪದವು ಕಡೆಯ ನನ್ನ ಗೆಳತಿಯೊಬ್ಬಳು ಅತಿಥಿ ಉಪನ್ಯಾಸಕಿ. ಮೂರು ಶೈಕ್ಷಣಿಕ ವರ್ಷ ಪಾಠ ಮಾಡಿದ್ದಾಳೆ. ಅವಳ ಬಾಯಲ್ಲಿ ಅದು ಮೂರು ವರ್ಷವೇ. ಆದರೆ ಅತಿಥಿ ಉಪನ್ಯಾಸಕರ ಕೆಲಸ ತರಗತಿ ಶುರುವಾದ ಮೇಲೆ ಆರಂಭವಾಗಿ ಪರೀಕ್ಷೆಯ ಹೊತ್ತಿಗೆ ಮುಗಿಯುತ್ತದೆ. ಹಾಜರಾದ ಮತ್ತು ಬಿಡುಗಡೆಯಾದ ದಿನಾಂಕಗಳನ್ನು ಹಿಡಿದು ಇಬ್ಬರೂ ಕೂಡಿಸಿದೆವು: ಒಂಬತ್ತು, ಎಂಟು, ಹತ್ತು. ಒಟ್ಟು ಇಪ್ಪತ್ತೇಳು ತಿಂಗಳು.

“ಎಂತ ಮಾಡುದು ಮಾರಾಯ, ಮೂರು ಅಂತ ಬರೆದ್ರೆ ಸುಳ್ಳಾಗ್ತದಾ?” ಎಂದಳು.

ಆ ಜಾಹೀರಾತು ಒಂದು ಖಾಸಗಿ ಕಾಲೇಜಿನದು. ಅಲ್ಲಿ ‘ಮೂರು ವರ್ಷ’ ಎಂಬುದು ಬಹುಪಾಲು ಒಂದು ಅಂದಾಜು: ಬಂದವರಿಗೆ ತರಗತಿ ನಿಭಾಯಿಸಲು, ಉತ್ತರ ಪತ್ರಿಕೆ ತಿದ್ದಲು ಹೊಸದಾಗಿ ಕಲಿಸಬೇಕಾಗಬಾರದು ಎಂಬ ಅಪೇಕ್ಷೆ. ಅದನ್ನು ಸಡಿಲಿಸುವುದು ಆಡಳಿತ ಮಂಡಳಿಯ ಕೈಯಲ್ಲೇ ಇರುತ್ತದೆ. ಸರ್ಕಾರಿ ನೇಮಕಾತಿಯ ಮಾತು ಬೇರೆ. ಅಲ್ಲಿ ಅರ್ಹತೆ ಎಂಬುದು ಗೋಡೆ. ಸಾಮಾನ್ಯವಾಗಿ ಅರ್ಜಿಯ ಕೊನೆಯ ದಿನಾಂಕಕ್ಕೆ ಸರಿಯಾಗಿ ಅದು ಇರಲೇಬೇಕು.

ಎಣಿಕೆಯೂ ನಮ್ಮದಲ್ಲ, ನಿಯಮದ್ದು. ಯುಜಿಸಿಯ 2018ರ ನಿಯಮಾವಳಿ ಪ್ರಕಾರ ಸಹ ಪ್ರಾಧ್ಯಾಪಕ ಹುದ್ದೆಗೆ ಎಂಟು ವರ್ಷದ ಅನುಭವ ಬೇಕು. ತಾತ್ಕಾಲಿಕ ಸೇವೆಯನ್ನು ಅದರಲ್ಲಿ ಸೇರಿಸಿಕೊಳ್ಳಬೇಕಾದರೆ ಇರುವ ಷರತ್ತುಗಳಲ್ಲಿ ಒಂದು, ಕಾಯಂ ಸಹಾಯಕ ಪ್ರಾಧ್ಯಾಪಕರ ಒಟ್ಟು ತಿಂಗಳ ಸಂಬಳಕ್ಕಿಂತ ಕಡಿಮೆ ಪಡೆದಿರಬಾರದು ಎಂಬುದು. ಆ ಹುದ್ದೆಯ ಆರಂಭದ ಮೂಲ ವೇತನವೇ 57,700 ರೂಪಾಯಿ. 2022ರಲ್ಲಿ ಕರ್ನಾಟಕ ಸರ್ಕಾರ ಅತಿಥಿ ಉಪನ್ಯಾಸಕರ ಗೌರವಧನವನ್ನು ಏರಿಸಿದಾಗಲೂ ಅದು ಮುಟ್ಟಿದ್ದು ಹೆಚ್ಚೆಂದರೆ 32,000. ಅಂದರೆ ಎಂಟು ವರ್ಷ ಪಾಠ ಮಾಡಿದರೂ ಈ ಲೆಕ್ಕದಲ್ಲಿ ಸೊನ್ನೆ. ಕಡಿಮೆ ಸಂಬಳ ಕೊಟ್ಟಿದ್ದೇ ಅನುಭವ ಇಲ್ಲದಿರುವುದಕ್ಕೆ ಕಾರಣವಾಗುವ ಈ ತರ್ಕ ನನಗೆ ಇಂದಿಗೂ ಅರಗಿಲ್ಲ. ಪಿಎಚ್‌ಡಿಗೆ ಕಳೆದ ಕಾಲವನ್ನೂ ಅದೇ ನಿಯಮಾವಳಿ ಅನುಭವ ಎಂದು ಪರಿಗಣಿಸುವುದಿಲ್ಲ. ರಜೆ ಹಾಕದೆ ಪಾಠ ಮಾಡುತ್ತಲೇ ಸಂಶೋಧನೆ ಮಾಡಿದವರ ಸೇವೆಗೆ ಮಾತ್ರ ವಿನಾಯಿತಿ. ನನ್ನಂಥ ಪೂರ್ಣಾವಧಿ ಸಂಶೋಧಕರು ಗ್ರಂಥಾಲಯದಲ್ಲಿ ಕಳೆದ ವರ್ಷಗಳು ಲೆಕ್ಕಕ್ಕಿಲ್ಲ.

ನಿಯಮ ಅನ್ಯಾಯದ್ದು ಎನಿಸಿದರೆ ಅದನ್ನು ದಾಟಿ ಬರೆಯಬಹುದೇ? 1990ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಆಂಧ್ರದ ವಿಜಯನಗರಂ ಜಿಲ್ಲೆಯ ವಸತಿ ಶಾಲೆಯೊಂದರ ಶಿಕ್ಷಕ ಹುದ್ದೆಯ ಪ್ರಕರಣ ಬಂತು. ಜಾಹೀರಾತು ಕೇಳಿದ್ದು ದ್ವಿತೀಯ ದರ್ಜೆಯ ಸ್ನಾತಕೋತ್ತರ ಪದವಿ. ಆಯ್ಕೆಯಾದವರಲ್ಲಿ ಇದ್ದದ್ದು ತೃತೀಯ ದರ್ಜೆ. ನ್ಯಾಯಾಲಯ ಹೇಳಿದ್ದರ ಸಾರಾಂಶ ಇಷ್ಟು: ಇದು ನೇಮಿಸಿದವರು ಮತ್ತು ನೇಮಕಗೊಂಡವರ ನಡುವಿನ ವಿಷಯ ಮಾತ್ರವಲ್ಲ. ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಅರ್ಹತೆ ಇದ್ದೂ, ಜಾಹೀರಾತಿನ ಷರತ್ತನ್ನು ನಂಬಿ ಅರ್ಜಿ ಹಾಕದೆ ಉಳಿದವರೆಲ್ಲರೂ ಇದರಲ್ಲಿ ನೊಂದವರು. ಸಡಿಲಿಕೆ ಸಾಧ್ಯ ಎಂದು ಜಾಹೀರಾತಿನಲ್ಲೇ ಹೇಳದಿದ್ದರೆ ಅಂಥ ನೇಮಕ ಸಾರ್ವಜನಿಕರಿಗೆ ಮಾಡುವ ವಂಚನೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಅರ್ಜಿ ಹಾಕದೆ ಉಳಿದವರು. ಸಂದರ್ಶನದ ಕೋಣೆಯ ಹೊರಗೆ ಸಾಲಿನಲ್ಲಿ ಕೂತವರು ನಮಗೆ ಕಾಣುತ್ತಾರೆ. ‘ಮೂರು ವರ್ಷ’ ಎಂದು ಓದಿ ಪೇಪರು ಮಡಚಿಟ್ಟವರು ಯಾರಿಗೂ ಕಾಣುವುದಿಲ್ಲ. ನಾನು ಇಪ್ಪತ್ತೇಳನ್ನು ಮೂವತ್ತಾರು ಮಾಡಿದರೆ ಮೋಸ ಹೋಗುವುದು ಕಾಲೇಜಷ್ಟೇ ಅಲ್ಲ, ಅವರೂ ಹೌದು.

ಗೆಳತಿ ಕೊನೆಗೆ ಮೊದಲು ಕಾಲೇಜಿನ ಆಫೀಸಿಗೆ ಫೋನ್ ಮಾಡಿದಳು. ಮೂರು ವರ್ಷ ತುಂಬದವರ ಅರ್ಜಿ ನೋಡುತ್ತೀರಾ ಎಂದು ನೇರವಾಗಿ ಕೇಳಿದಳು. ನೋಡುತ್ತೇವೆ, ಹಾಕಿ ಎಂದರು. ಅನುಭವದ ಕಾಲಂನಲ್ಲಿ ‘27 ತಿಂಗಳು, ಅತಿಥಿ ಉಪನ್ಯಾಸಕಿ, ಮೂರು ಶೈಕ್ಷಣಿಕ ವರ್ಷಗಳಲ್ಲಿ’ ಎಂದು ಬರೆದು, ಸೇವಾ ಪ್ರಮಾಣಪತ್ರಗಳನ್ನು ಲಗತ್ತಿಸಿದಳು. ಜೊತೆಗಿನ ಪತ್ರದಲ್ಲಿ ಕಡಿಮೆ ಬಿದ್ದ ಒಂಬತ್ತು ತಿಂಗಳನ್ನು ಎರಡನೇ ವಾಕ್ಯದಲ್ಲೇ ಹೇಳಿ, ತಾನು ಪೂರ್ತಿಯಾಗಿ ನಡೆಸಿದ ಪತ್ರಿಕೆಗಳ ಹೆಸರು ಕೊಟ್ಟಳು. ಕ್ಷಮೆ ಕೇಳುವ ಧಾಟಿ ಬೇಡ ಎಂದದ್ದು ನಾನು. ಕಡಿಮೆ ಇರುವುದು ತಪ್ಪಲ್ಲವಲ್ಲ.

ಆಮೇಲೆ ಅವಳು ಮಾಡಿದ್ದನ್ನು ನಾನು ಯೋಚಿಸಿರಲೇ ಇಲ್ಲ. ಜೊತೆಗೆ ಪಾಠ ಮಾಡುತ್ತಿದ್ದ ಇನ್ನೊಬ್ಬರಿಗೆ ಹತ್ತೊಂಬತ್ತೇ ತಿಂಗಳಾಗಿತ್ತು. ಜಾಹೀರಾತು ನೋಡಿ ಸುಮ್ಮನಿದ್ದರು. ಅವರಿಗೆ ಫೋನ್ ಮಾಡಿ, “ಅಕ್ಕ, ಅವರು ಕಡಿಮೆ ಇದ್ರೂ ನೋಡ್ತಾರಂತೆ, ಶನಿವಾರ ಕೊನೆ ದಿನ” ಎಂದಳು.

“ನಿನಗೇ ಸ್ಪರ್ಧೆ ಹೆಚ್ಚು ಮಾಡಿಕೊಂಡೆಯಲ್ಲ” ಎಂದೆ.

“ಅವರಿಗೆ ಗೊತ್ತಿಲ್ಲದ್ದು ನಂಗೆ ಗೊತ್ತಾಯ್ತಲ್ಲ ಮಾರಾಯ” ಎಂದಳು.